8.3ಕ್ಕೆ 10.5 ಕೂಡಿಸಿದ್ರೆ 13.4: ಫ್ಯಾನ್ ಕೆಪಾಸಿಟರ್ ಇಟ್ಕೊಂಡು ಫೇಸ್ ಆ್ಯಂಗಲ್, ಪವರ್ ಫ್ಯಾಕ್ಟರ್ ಕಂಡುಹಿಡಿಯೋದು

ನಮ್ಮದು ಸುಂಟಿಕೊಪ್ಪದ ಹತ್ರ. ಜುಲೈ ಬಂತು ಅಂದ್ರೆ ನಮ್ಮನೇಲಿ ಫ್ಯಾನ್ ಓಡೋದು ಸೆಖೆಗಲ್ಲ, ಬಟ್ಟೆ ಒಣಗಿಸೋಕೆ. ರಾತ್ರಿಯಿಡೀ ಫ್ಯಾನ್ ಕೆಳಗೆ ಹಗ್ಗ ಕಟ್ಟಿ ಪ್ಯಾಂಟು ಶರ್ಟು ನೇತಾಕಿರ್ತೀವಿ. ಈ ಸಲ ಮಳೆ ಜೋರಾದ ವಾರದಲ್ಲೇ ಆ ಫ್ಯಾನ್ ಸುಸ್ತಾಗಿ ತಿರುಗೋಕೆ ಶುರು ಮಾಡ್ತು, ಐದರಲ್ಲಿಟ್ರೂ ರೆಕ್ಕೆ ಎಣಿಸಬಹುದು ಅನ್ನೋ ಥರ. ಕೆಪಾಸಿಟರ್ ಹೋಗಿರುತ್ತೆ ಅಂತ ಕುಶಾಲನಗರಕ್ಕೆ ಹೋದಾಗ 2.5 ಮೈಕ್ರೋಫ್ಯಾರಡ್‌ದು ಹೊಸದೊಂದು ತಂದೆ. ಅದೇ ಹೊತ್ತಿಗೆ ಅಕ್ಕನ ಮಗ ರಜೆಗೆ ಬಂದಿದ್ದ, ಮಡಿಕೇರೀಲಿ ಸೆಕೆಂಡ್ ಪಿಯುಸಿ ಓದ್ತಿದಾನೆ, ಪಾಠದಲ್ಲಿ ರೆಸಿಸ್ಟರ್-ಕೆಪಾಸಿಟರ್ ಸೀರೀಸ್ ಸರ್ಕ್ಯೂಟ್ ಬಂದಿದೆ, ಸೂತ್ರ ಎಲ್ಲ ಬಾಯಿಪಾಠ, ಆದ್ರೆ ಆ ಫೇಸ್ ಆ್ಯಂಗಲ್ ಅಂದ್ರೆ ಏನು ಅಂತ ಕೇಳಿದ್ರೆ ಮುಖ ನೋಡ್ತಾನೆ. ಸರಿ, ಕೆಪಾಸಿಟರ್ ಫ್ಯಾನಿಗೆ ಹಾಕೋ ಮುಂಚೆ ಟೇಬಲ್ ಮೇಲೆ ಇಟ್ಟು ನೋಡೋಣ ಬಾ ಅಂದೆ.

ಅಳೆದು ಮುಗಿಸಿದ ಮೇಲೆ ಅವನು ಕೇಳಿದ್ದು ಇಷ್ಟೇ: "ಮಾವ, ರೆಸಿಸ್ಟರ್ ಮೇಲೆ 8.3 ವೋಲ್ಟು, ಕೆಪಾಸಿಟರ್ ಮೇಲೆ 10.5. ಕೂಡಿದ್ರೆ 18.8. ಟ್ರಾನ್ಸ್‌ಫಾರ್ಮರ್ ಕೊಡ್ತಿರೋದೇ 13.4. ಉಳಿದಿದ್ದು ಎಲ್ಲಿಂದ ಬಂತು?"

ಈ ಪ್ರಶ್ನೆಗೆ ಉತ್ತರ ಸಿಕ್ರೆ ಟ್ಯಾನ್, ಕಾಸ್ ಲೆಕ್ಕ ಎರಡೂ ತಾವಾಗೇ ಬರ್ತವೆ. ಹಾಗಾಗಿ ನಾವು ಮಾಡಿದ ಕ್ರಮದಲ್ಲೇ ಬರೀತೀನಿ, ನೀವೂ ಮನೇಲಿ ಮಾಡಬಹುದು.

ಏನೇನು ಬೇಕು

12 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್ ಒಂದು, 500 ಮಿಲಿಆ್ಯಂಪ್‌ದು ಧಾರಾಳ ಸಾಕು. 1 ಕಿಲೋ ಓಮ್ ರೆಸಿಸ್ಟರ್, ಅಂದ್ರೆ ಕಂದು, ಕಪ್ಪು, ಕೆಂಪು ಪಟ್ಟಿ ಇರೋದು. 2.5 ಮೈಕ್ರೋಫ್ಯಾರಡ್ ಫ್ಯಾನ್ ಕೆಪಾಸಿಟರ್, ಒಂದು ಡಿಜಿಟಲ್ ಮಲ್ಟಿಮೀಟರ್. ಅಷ್ಟೇ.

ಟ್ರಾನ್ಸ್‌ಫಾರ್ಮರ್ ಬದಲು ಮೊಬೈಲ್ ಚಾರ್ಜರ್ ಥರದ ಅಡಾಪ್ಟರ್ ಹಾಕಿದ್ರೆ ಆಗಲ್ಲ, ಅದು ಕೊಡೋದು ಡಿಸಿ. ಡಿಸಿಗೆ ಕೆಪಾಸಿಟರ್ ಒಂದು ಸಲ ತುಂಬ್ಕೊಂಡು ಸುಮ್ನಾಗಿಬಿಡುತ್ತೆ, ಕರೆಂಟೇ ಹರಿಯಲ್ಲ, ರೆಸಿಸ್ಟರ್ ಮೇಲೆ ಸೊನ್ನೆ ತೋರಿಸುತ್ತೆ. ಹಂಗೇನೇ ರೇಡಿಯೋ, ಆಂಪ್ಲಿಫೈಯರ್ ಒಳಗಿರೋ ಪ್ಲಸ್ ಮೈನಸ್ ಗುರುತಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಇಲ್ಲಿ ಹಾಕ್ಬೇಡಿ, ಎಸಿ ಅದನ್ನ ಅರ್ಧ ಹೊತ್ತು ಉಲ್ಟಾ ಮಾಡುತ್ತೆ, ಕೆಟ್ಟೋಗುತ್ತೆ.

ಇನ್ನೊಂದು ಮಾತು, ಇದನ್ನ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಟ್ರಾನ್ಸ್‌ಫಾರ್ಮರ್ ಯಾಕೆ, ಪ್ಲಗ್ಗಿಗೇ ಕೊಟ್ರೆ ಆಗಲ್ವಾ ಅಂದ ನಮ್ಮ ಹುಡುಗ. ಲೆಕ್ಕ ಹಾಕ್ಸಿದೆ. 230 ವೋಲ್ಟಿಗೆ ಈ ಸರ್ಕ್ಯೂಟಲ್ಲಿ 0.142 ಆ್ಯಂಪ್ ಹರಿಯುತ್ತೆ, ಅಂದ್ರೆ ಆ ಅಕ್ಕಿಕಾಳಿನಷ್ಟು ರೆಸಿಸ್ಟರಲ್ಲಿ 20 ವ್ಯಾಟ್ ಬಿಸಿ. ಅದು ತಡೆಯೋದು ಕಾಲು ವ್ಯಾಟ್. ಟಪ್ ಅಂತ ಸಿಡಿಯುತ್ತೆ, ಅಷ್ಟರಲ್ಲಿ ಬೆತ್ತಲೆ ತಂತಿ ಮುಟ್ಟಿದೋರ ಗತಿ ಬೇರೆ. ಟ್ರಾನ್ಸ್‌ಫಾರ್ಮರ್‌ನ 230ರ ಕಡೆ ಜಾಯಿಂಟಿಗೂ ಟೇಪ್ ಸರಿಯಾಗಿ ಸುತ್ತಿ, ಮಳೆಗಾಲದಲ್ಲಿ ನಮ್ಮ ಕಡೆ ಟೇಬಲ್ಲೂ ಒದ್ದೆ, ಕೈಯೂ ಒದ್ದೆ.

ಜೋಡಿಸೋದು, ಅಳೆಯೋದು

ಟ್ರಾನ್ಸ್‌ಫಾರ್ಮರ್‌ನ ಒಂದು ತಂತಿ ರೆಸಿಸ್ಟರಿಗೆ, ರೆಸಿಸ್ಟರ್‌ನ ಇನ್ನೊಂದು ಕಾಲು ಕೆಪಾಸಿಟರಿಗೆ, ಕೆಪಾಸಿಟರ್‌ನ ಇನ್ನೊಂದು ತಂತಿ ವಾಪಸ್ ಟ್ರಾನ್ಸ್‌ಫಾರ್ಮರಿಗೆ. ಒಂದೇ ದಾರಿ, ಹಾಗಾಗಿ ಎರಡರಲ್ಲೂ ಹರಿಯೋ ಕರೆಂಟ್ ಒಂದೇ. ಇದು ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಮುಂದಿನ ಎಲ್ಲ ಲೆಕ್ಕ ನಿಂತಿರೋದೇ ಇದರ ಮೇಲೆ.

ಮೀಟರ್‌ನ ಎಸಿ ವೋಲ್ಟಿಗೆ ತಿರುಗ್ಸಿ ಮೂರು ಕಡೆ ಅಳೀರಿ. ನಮಗೆ ಬಂದಿದ್ದು: ಟ್ರಾನ್ಸ್‌ಫಾರ್ಮರ್ ಮೇಲೆ 13.4, ರೆಸಿಸ್ಟರ್ ಮೇಲೆ 8.3, ಕೆಪಾಸಿಟರ್ ಮೇಲೆ 10.5. ಟ್ರಾನ್ಸ್‌ಫಾರ್ಮರ್ ಮೇಲೆ 12 ಅಂತ ಬರೆದಿರೋದು ಪೂರ್ತಿ ಲೋಡ್ ಇದ್ದಾಗಿನ ಲೆಕ್ಕ, ನಾವು ಎಳೀತಿರೋದು ಬರೀ 8 ಮಿಲಿಆ್ಯಂಪ್ ಚಿಲ್ಲರೆ, ಅದಕ್ಕೆ ಸ್ವಲ್ಪ ಜಾಸ್ತಿ ಇರೋದು. ನಿಮ್ಮದರಲ್ಲಿ ಬೇರೆ ಬಂದ್ರೆ ಗಾಬರಿ ಬೇಡ, ಪ್ಯಾಕೆಟ್ ಮೇಲಿನ 12 ಹಾಕದೆ ಮೀಟರ್ ತೋರ್ಸಿದ್ದನ್ನೇ ಲೆಕ್ಕಕ್ಕೆ ತಗೊಳ್ಳಿ.

18.8 ಯಾಕೆ ಬಂತು

ಈಗ ಹುಡುಗನ ಪ್ರಶ್ನೆಗೆ ಬರ್ತೀನಿ. ಹಾರಂಗಿ ಡ್ಯಾಮ್ ನೆನಪಿಸ್ಕೊಳ್ಳಿ. ಮಳೆ ಹೊಡೀತಿರೋವಾಗ ಒಳಹರಿವು ಜೋರಿರುತ್ತೆ, ಆದ್ರೆ ನೀರಿನ ಮಟ್ಟ ಆಗಲೇ ತುದಿಗೆ ಹೋಗಿರಲ್ಲ, ಏರ್ತಾ ಇರುತ್ತೆ ಅಷ್ಟೇ. ಮಟ್ಟ ತುದಿ ಮುಟ್ಟೋದು ಒಳಗೆ ಬರೋದೂ ಹೊರಗೆ ಹೋಗೋದೂ ಸರಿಸಮ ಆದಾಗ, ಅಂದ್ರೆ ಡ್ಯಾಮಿಗೆ ನಿವ್ವಳ ಸೇರ್ತಿರೋದು ಸೊನ್ನೆ ಆದ ಹೊತ್ತಿಗೆ. ಕೆಪಾಸಿಟರೂ ಹಂಗೇನೇ. ಸೇರ್ತಿರೋ ನೀರು ಅಂದ್ರೆ ಕರೆಂಟು, ನೀರಿನ ಮಟ್ಟ ಅಂದ್ರೆ ವೋಲ್ಟೇಜು. ಮೊದಲು ಕರೆಂಟ್ ತುದಿಗೆ ಹೋಗುತ್ತೆ, ವೋಲ್ಟೇಜು ಆಮೇಲೆ ಬರುತ್ತೆ, ಸರಿಯಾಗಿ ಕಾಲು ಸುತ್ತು ತಡವಾಗಿ, ಅಂದ್ರೆ 90 ಡಿಗ್ರಿ.

ರೆಸಿಸ್ಟರಿಗೆ ಈ ಕಾಯೋ ಕಥೆ ಇಲ್ಲ. ಕರೆಂಟ್ ಯಾವಾಗ ತುದೀಲೋ ಅದರ ವೋಲ್ಟೇಜೂ ಆಗಲೇ ತುದೀಲಿ.

ಅಂದ್ರೆ ರೆಸಿಸ್ಟರ್‌ನ 8.3 ಜೋರಾಗಿರೋ ಕ್ಷಣದಲ್ಲಿ ಕೆಪಾಸಿಟರ್ ಮೇಲೆ ಸೊನ್ನೆ ಇರುತ್ತೆ, ಕೆಪಾಸಿಟರ್ ಜೋರಾದಾಗ ರೆಸಿಸ್ಟರ್ ಮೇಲೆ ಸೊನ್ನೆ. ಮೀಟರ್ ಇದ್ಯಾವುದನ್ನೂ ಹೇಳಲ್ಲ, ಇದು ಎಷ್ಟು ಅದು ಎಷ್ಟು ಅಂತಷ್ಟೇ ಹೇಳುತ್ತೆ, ಯಾವಾಗ ಅಂತ ಹೇಳಲ್ಲ. ಬೇರೆ ಬೇರೆ ಹೊತ್ತಲ್ಲಿ ತುದಿ ಮುಟ್ಟೋ ಎರಡನ್ನ ಸುಮ್ನೆ ಕೂಡೋಕಾಗಲ್ಲ, 90 ಡಿಗ್ರಿ ಅಂತರ ಇರೋದ್ರಿಂದ ಲಂಬಕೋನ ತ್ರಿಕೋನದ ಎರಡು ಬದಿ ಥರ ಕೂಡಬೇಕು. 8.3ರ ವರ್ಗ 68.9, 10.5ರ ವರ್ಗ 110.25, ಒಟ್ಟು 179.1, ಅದರ ವರ್ಗಮೂಲ 13.4. ಮೀಟರ್ ತೋರಿಸ್ತಿರೋದೂ ಅದನ್ನೇ. ಎಲ್ಲಿಂದಲೂ ಏನೂ ಹೆಚ್ಚಿಗೆ ಬಂದಿಲ್ಲ.

ಟ್ಯಾನ್ ಹಿಡಿದು ಆ್ಯಂಗಲ್

ಪೇಪರ್ ಮೇಲೆ ತ್ರಿಕೋನ ಬರೀರಿ. ಅಡ್ಡಗೆರೆ 8.3 ಸೆಂಟಿಮೀಟರ್, ಅದು ರೆಸಿಸ್ಟರ್, ಕರೆಂಟಿನ ದಿಕ್ಕೂ ಅದೇ. ಅದರ ಬಲತುದಿಯಿಂದ ನೇರ ಕೆಳಗೆ 10.5 ಸೆಂಟಿಮೀಟರ್, ಅದು ಕೆಪಾಸಿಟರ್. ಕೆಳಗೆ ಯಾಕೆ ಅಂದ್ರೆ ಅದು ಹಿಂದೆ ಬೀಳೋದು. ಶುರುವಿನ ಬಿಂದುವಿಂದ ಆ ಕೆಳತುದಿಗೆ ಓರೆಗೆರೆ ಎಳೆದು ಸ್ಕೇಲ್ ಇಡಿ, 13.4 ಬರುತ್ತೆ. ನಮ್ಮ ಹುಡುಗ ನಂಬದೆ ಎರಡು ಸಲ ಸ್ಕೇಲ್ ಇಟ್ಟ.

ಆ ಅಡ್ಡಗೆರೆಗೂ ಓರೆಗೆರೆಗೂ ಮಧ್ಯದ ಕೋನಾನೇ ಫೇಸ್ ಆ್ಯಂಗಲ್. ಎದುರಿನ ಬದಿ 10.5, ಪಕ್ಕದ ಬದಿ 8.3. ಎದುರಿನದನ್ನ ಪಕ್ಕದರಿಂದ ಭಾಗಿಸಿದ್ರೆ ಟ್ಯಾನ್:

```
tan φ = Vc / VR = 10.5 / 8.3 = 1.265
φ = tan⁻¹(1.265) = 51.7°
```

ಎರಡೂ ಬದೀಲಿ ಅದೇ ಕರೆಂಟು, ಭಾಗಿಸಿದಾಗ ಅದು ಹೊಡೆದು ಹೋಗುತ್ತೆ, ಹಾಗಾಗಿ ಮೀಟರ್ ಇಲ್ಲದೆ ಓಮ್, ಮೈಕ್ರೋಫ್ಯಾರಡ್ ಬೆಲೆಗಳಿಂದಲೇ ಲೆಕ್ಕ ಹಾಕಿದ್ರೂ ಇದೇ ಬರಬೇಕು. ಕೆಪಾಸಿಟರ್ ಎಸಿಗೆ ಒಡ್ಡೋ ಅಡ್ಡಿಗೆ ರಿಯಾಕ್ಟೆನ್ಸ್ ಅಂತಾರೆ, ನಮ್ಮ ಲೈನಿನ ಫ್ರೀಕ್ವೆನ್ಸಿ 50 ಹರ್ಟ್ಸ್:

```
Xc = 1 / (2πfC) = 1 / (2 × 3.1416 × 50 × 2.5×10⁻⁶) = 1273 Ω
tan φ = Xc / R = 1273 / 1000 = 1.273
φ = 51.8°
```

ಅಳೆದಿದ್ದು 51.7, ಲೆಕ್ಕದ್ದು 51.8. ಇಷ್ಟು ಹತ್ರ ಬಂದಿದ್ದು ಸ್ವಲ್ಪ ಅದೃಷ್ಟಾನೇ, ಯಾಕಂದ್ರೆ ರೆಸಿಸ್ಟರೂ ಕೆಪಾಸಿಟರೂ ತಲಾ ಶೇಕಡ 5ರಷ್ಟು ಆಚೆ ಈಚೆ ಇರಬಹುದು. ಎರಡು ಮೂರು ಡಿಗ್ರಿ ವ್ಯತ್ಯಾಸ ಬಂದ್ರೂ ಸರ್ಕ್ಯೂಟ್ ಸರಿ ಇದೆ ಅಂತಾನೇ ತಿಳ್ಕೊಳ್ಳಿ.

ಈ 51.7 ಡಿಗ್ರಿ ಅನ್ನೋದು ಕಣ್ಣಿಗೆ ಕಾಣೋ ಥರ ಹೇಳ್ಬೇಕಂದ್ರೆ, 50 ಹರ್ಟ್ಸಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡು, ಅದು 360 ಡಿಗ್ರಿ. ಅದರಲ್ಲಿ 51.7 ಅಂದ್ರೆ 2.87 ಮಿಲಿಸೆಕೆಂಡು. ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜ್ ತುದಿ ಮುಟ್ಟೋಕೆ 2.87 ಮಿಲಿಸೆಕೆಂಡ್ ಮುಂಚೇನೇ ಕರೆಂಟ್ ತುದಿ ಮುಟ್ಟಿರುತ್ತೆ. ಕರೆಂಟ್ ಮುಂದೆ, ಇದಕ್ಕೇ ಲೀಡಿಂಗ್ ಅನ್ನೋದು. ತೋಟದ ಪಂಪ್‌ಸೆಟ್ ಮೋಟರಲ್ಲಿ ಇದರ ಉಲ್ಟಾ, ಅಲ್ಲಿ ಕಾಯಿಲ್ ಇರೋದ್ರಿಂದ ಕರೆಂಟ್ ಹಿಂದೆ ಬೀಳುತ್ತೆ. ಅದನ್ನ ಸರಿ ಮಾಡೋಕೆ ಮೋಟರ್ ಪಕ್ಕ ಕೆಪಾಸಿಟರ್ ಹಾಕ್ತಾರಲ್ಲ, ಅದು ಪ್ಯಾರಲಲ್ ಕನೆಕ್ಷನ್ನು, ನಮ್ಮ ಸೀರೀಸ್ ಲೆಕ್ಕ ಅಲ್ಲಿಗೆ ಹಾಗೇ ಎತ್ತಿ ಹಾಕ್ಬೇಡಿ.

ಕಾಸ್ ಹಿಡಿದು ಪವರ್ ಫ್ಯಾಕ್ಟರ್

ಈಗ ಪವರ್. ರೆಸಿಸ್ಟರ್ 1000 ಓಮ್, ಅದರ ಮೇಲೆ 8.3 ವೋಲ್ಟ್, ಹಾಗಾದ್ರೆ ಕರೆಂಟ್ 8.3 ಮಿಲಿಆ್ಯಂಪ್. (1 ಕಿಲೋ ಓಮ್ ಆರಿಸಿದ್ದೇ ಇದಕ್ಕೆ, ವೋಲ್ಟ್ ಓದಿದ್ರೆ ಅದೇ ಮಿಲಿಆ್ಯಂಪ್, ಮೀಟರ್‌ನ ಪಿನ್ ಬದಲಾಯಿಸಿ ಫ್ಯೂಸ್ ಸುಡೋ ರಗಳೆ ಇಲ್ಲ.) 13.4 ವೋಲ್ಟನ್ನ 8.3 ಮಿಲಿಆ್ಯಂಪಿಂದ ಗುಣಿಸಿದ್ರೆ 111 ಬರುತ್ತೆ. ಇದನ್ನ ಮಿಲಿವ್ಯಾಟ್ ಅಂತ ಬರೆದ್ರೆ ತಪ್ಪು, ಇದು ಮಿಲಿ ವೋಲ್ಟ್‌ಆ್ಯಂಪಿಯರ್, ತೋರಿಕೆಯ ಪವರ್ ಅಷ್ಟೇ.

ನಿಜವಾಗಿ ಖರ್ಚಾಗ್ತಿರೋದು ಎಷ್ಟು? ಬಿಸಿಯಾಗೋದು ರೆಸಿಸ್ಟರ್ ಮಾತ್ರ. ಕೆಪಾಸಿಟರ್ ಒಂದು ಕಾಲು ಸುತ್ತಲ್ಲಿ ಎಷ್ಟು ತಗೊಳ್ಳುತ್ತೋ ಮುಂದಿನ ಕಾಲು ಸುತ್ತಲ್ಲಿ ಅಷ್ಟನ್ನೂ ವಾಪಸ್ ಕೊಡುತ್ತೆ, ಪಕ್ಕದ ಮನೆಯಿಂದ ಸಕ್ಕರೆ ಕಡ ತಂದು ಮಾರನೇ ದಿನ ಅದೇ ಲೋಟದಲ್ಲಿ ಕೊಟ್ಟ ಹಾಗೆ, ತಿಂಗಳ ಕೊನೇಲಿ ಲೆಕ್ಕ ನೋಡಿದ್ರೆ ಸೊನ್ನೆ. ಹಾಗಾಗಿ ಓರೆಗೆರೆಯ 13.4ರಲ್ಲಿ ಕರೆಂಟಿನ ದಿಕ್ಕಿಗೆ ಬಿದ್ದಿರೋ ಪಾಲು ಮಾತ್ರ ಕೆಲಸಕ್ಕೆ ಬರೋದು, ಅದೇ ಅಡ್ಡಗೆರೆ, 8.3. ಪಕ್ಕದ ಬದಿಯನ್ನ ಓರೆಯಿಂದ ಭಾಗಿಸಿದ್ರೆ ಕಾಸ್. ಪವರ್ ಫ್ಯಾಕ್ಟರ್ ಅಂದ್ರೆ ಕಾಸ್ ಫೈ ಅಂತ ಉರು ಹೊಡೀತಾರಲ್ಲ, ಅದು ಬಂದಿದ್ದು ಇಲ್ಲಿಂದ:

```
cos φ = VR / V = 8.3 / 13.4 = 0.619
P = V × I × cos φ = 13.4 × 8.3 × 0.6194 = 68.9 mW
```

ತಾಳೆ ನೋಡೋಕೆ ರೆಸಿಸ್ಟರ್ ಒಂದನ್ನೇ ತಗೊಂಡು ಅದರ 8.3 ವೋಲ್ಟನ್ನ 8.3 ಮಿಲಿಆ್ಯಂಪಿಂದ ಗುಣಿಸಿ, 68.9. ಅದೇ ಬಂತಲ್ಲ. ಪವರ್ ಫ್ಯಾಕ್ಟರ್ 0.619, ಲೀಡಿಂಗ್. ಲೀಡಿಂಗ್ ಅಂತ ಬರೀಲೇಬೇಕು, ಯಾಕಂದ್ರೆ ಕಾಸ್‌ಗೆ ಪ್ಲಸ್ 51ಕ್ಕೂ ಮೈನಸ್ 51ಕ್ಕೂ ಉತ್ತರ ಒಂದೇ, ಬರೀ 0.619 ನೋಡಿ ಒಳಗಿರೋದು ಕೆಪಾಸಿಟರೋ ಕಾಯಿಲೋ ಅಂತ ಯಾರಿಗೂ ಗೊತ್ತಾಗಲ್ಲ.

ಎಲ್ಲಿ ಎಡವ್ತೀರಿ

ಹುಡುಗ ಮೊದಲ ಸಲ ಕ್ಯಾಲ್ಕುಲೇಟರಲ್ಲಿ ಒತ್ತಿದಾಗ ಆ್ಯಂಗಲ್ 0.902 ಅಂತ ಬಂತು. ಅವನು ಅದನ್ನೇ 0.902 ಡಿಗ್ರಿ ಅಂತ ಬರ್ಕೊಂಡು ಮುಂದೆ ಹೋಗ್ತಿದ್ದ. ಕ್ಯಾಲ್ಕುಲೇಟರ್ ರೇಡಿಯನ್ನಲ್ಲಿ ಇತ್ತು. ಲೆಕ್ಕ ಶುರು ಮಾಡೋ ಮುಂಚೆ ಒಂದರ ಟ್ಯಾನ್ ಇನ್ವರ್ಸ್ ಒತ್ತಿ ನೋಡಿ, 45 ಬಂದ್ರೆ ಮುಂದುವರೀರಿ, 0.785 ಬಂದ್ರೆ ಮೋಡ್ ಬದಲಾಯಿಸಿ. ಇನ್ನೊಂದು ತಪ್ಪು ಟ್ಯಾನಿನ ಭಾಗಾಕಾರವನ್ನ ತಲೆಕೆಳಗು ಮಾಡೋದು. ಅದಕ್ಕೆ ನನ್ನ ಉಪಾಯ ಸುಲಭ: ಕೆಪಾಸಿಟರ್ ಮೇಲಿನ ವೋಲ್ಟ್ ರೆಸಿಸ್ಟರಿಗಿಂತ ಜಾಸ್ತಿ ಇದ್ರೆ ಆ್ಯಂಗಲ್ 45 ದಾಟಲೇಬೇಕು, ಕಮ್ಮಿ ಇದ್ರೆ ಒಳಗೇ ಇರಬೇಕು.

ಆಮೇಲೆ ಅವತ್ತೇ ಸಂಜೆ ಒಂದು ಮಜಾ ಆಯ್ತು. ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯ್ತು, ನಮ್ಮ ಕಡೆ ಇದು ಸುದ್ದೀನೇ ಅಲ್ಲ. ಹುಡುಗ ಬಿಡದೆ ಇನ್ವರ್ಟರ್ ಪ್ಲಗ್ಗಲ್ಲಿ ಇನ್ನೊಂದು ಸಲ ಅಳೆದ. ಟ್ರಾನ್ಸ್‌ಫಾರ್ಮರ್ ಮೇಲೆ 13.4, ರೆಸಿಸ್ಟರ್ 6.5, ಕೆಪಾಸಿಟರ್ 8.9. ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದ್ರೆ 11 ಬರುತ್ತೆ, 13.4 ಅಲ್ಲ. ವೈರಿಂಗ್ ಸಡಿಲ ಆಗಿದೆಯಾ ಅಂತ ಕ್ಲಿಪ್ ಎಲ್ಲ ಒತ್ತಿ ನೋಡಿದ, ಮತ್ತೆ ಅದೇ. ತಪ್ಪು ವೈರಿಂಗಲ್ಲಿ ಇರಲಿಲ್ಲ. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಅದರ ವೋಲ್ಟೇಜು ಅಲೆ ಥರ ಏರಿಳಿಯಲ್ಲ, ಮೆಟ್ಟಿಲ ಥರ ಟಕ್ ಅಂತ ಮೇಲೆ ಟಕ್ ಅಂತ ಕೆಳಗೆ. ಅಂಥದ್ರಲ್ಲಿ 50 ಹರ್ಟ್ಸ್ ಜೊತೆಗೆ 150, 250 ಹರ್ಟ್ಸ್ ಎಲ್ಲ ಬೆರೆತಿರುತ್ತೆ, ಕೆಪಾಸಿಟರ್ ಒಂದೊಂದಕ್ಕೂ ಒಂದೊಂದು ರಿಯಾಕ್ಟೆನ್ಸ್ ತೋರ್ಸುತ್ತೆ, ಒಂದೇ ಆ್ಯಂಗಲ್ ಅನ್ನೋದೇ ಇರಲ್ಲ. ಸಾಲದ್ದಕ್ಕೆ ಸಾದಾ ಮೀಟರ್ ಸೈನ್ ಅಲೆ ಅಂತ ಊಹಿಸ್ಕೊಂಡೇ ನಂಬರ್ ಕೊಡೋದು. ಟ್ಯಾನ್, ಕಾಸ್ ಲೆಕ್ಕ ನಡೆಯೋದು ಶುದ್ಧ ಸೈನ್ ಅಲೆಗೆ ಮಾತ್ರ. ಹಾಗಾಗಿ ವರ್ಗ ಕೂಡಿ ತಾಳೆ ನೋಡೋದನ್ನ ಯಾವತ್ತೂ ಬಿಡ್ಬೇಡಿ, ಅದು ತಾಳೆ ಆಗ್ಲಿಲ್ಲ ಅಂದ್ರೆ ಆ್ಯಂಗಲ್ ಲೆಕ್ಕಕ್ಕೇ ಕೈ ಹಾಕ್ಬೇಡಿ.

ಇನ್ನು ಒಂದು ವಿಷಯ ಪುಸ್ತಕದಲ್ಲಿ ಅಷ್ಟಾಗಿ ಹೇಳಲ್ಲ. ಆ್ಯಂಗಲ್ಲನ್ನ ಕಾಸ್ ಇನ್ವರ್ಸ್ ಒತ್ತಿಯೂ ತೆಗೀಬಹುದಲ್ಲ, ಟ್ಯಾನ್ ಯಾಕೆ ಅಂತ ಕೇಳ್ತಾರೆ. ನಮ್ಮ 51 ಡಿಗ್ರೀಲಿ ಯಾವುದಾದ್ರೂ ನಡೆಯುತ್ತೆ. ಆದ್ರೆ 1 ಕಿಲೋ ಬದಲು 10 ಕಿಲೋ ಓಮ್ ಹಾಕಿ ನೋಡಿ. ಆಗ ರೆಸಿಸ್ಟರ್ ಮೇಲೆ 13.3, ಕೆಪಾಸಿಟರ್ ಮೇಲೆ 1.7. ಟ್ಯಾನ್ 0.128, ಆ್ಯಂಗಲ್ 7.3 ಡಿಗ್ರಿ, ಸರಿಯಾಗಿದೆ. ಕಾಸಲ್ಲಿ ಹೋದ್ರೆ 13.3ನ್ನ 13.4ರಿಂದ ಭಾಗಿಸಬೇಕು, 7.0 ಡಿಗ್ರಿ. ಪರವಾಗಿಲ್ಲ ಅನ್ಸುತ್ತೆ. ಆದ್ರೆ ಮೀಟರ್‌ನ ಕೊನೇ ಅಂಕಿ ಒಂದು ಕೆಳಗೆ ಬಿದ್ದು 13.2 ತೋರಿಸ್ತು ಅಂದ್ಕೊಳ್ಳಿ, ಆ್ಯಂಗಲ್ ಒಮ್ಮೆಗೇ 9.9ಕ್ಕೆ ಹಾರುತ್ತೆ. ಒಂದಕ್ಕೆ ಹತ್ರ ಇರೋವಾಗ ಕಾಸ್ ಆ್ಯಂಗಲ್ ಬದಲಾದ್ರೂ ಅಲುಗಾಡೋದೇ ಇಲ್ಲ, ಅದಕ್ಕೆ ಅದನ್ನ ಹಿಂದಕ್ಕೆ ತಿರುಗಿಸಿ ಆ್ಯಂಗಲ್ ಕೇಳಿದ್ರೆ ಬಾಯಿಗೆ ಬಂದಿದ್ದು ಹೇಳುತ್ತೆ. ನನ್ನ ಪದ್ಧತಿ ಇಷ್ಟು: ಆ್ಯಂಗಲ್ ಬೇಕಂದ್ರೆ ಟ್ಯಾನ್, ಪವರ್ ಫ್ಯಾಕ್ಟರ್ ಬೇಕಂದ್ರೆ ಕಾಸ್.

ಹಳೇ ಕೆಪಾಸಿಟರ್

ಕರೆಂಟ್ ಬಂದ್ಮೇಲೆ ಫ್ಯಾನಿನ ಹಳೇ ಕೆಪಾಸಿಟರ್‌ನೂ ಅದೇ ಜಾಗಕ್ಕೆ ಹಾಕಿದ್ವಿ. ಬಿಚ್ಚೋ ಮುಂಚೆ ಬರೀ ಸ್ವಿಚ್ ಆರಿಸಿದ್ರೆ ಸಾಲದು, ಮೇನ್ ಆಫ್ ಮಾಡಿ, ಬಿಚ್ಚಿದ ಮೇಲೆ ಅದರ ಎರಡು ತಂತಿಗೂ ಆ 1 ಕಿಲೋ ರೆಸಿಸ್ಟರ್ ತಗಲ್ಸಿ ಎರಡು ಮೂರು ಸೆಕೆಂಡ್ ಹಿಡೀರಿ, ಒಳಗೆ ಉಳಿದಿರೋ ಚಾರ್ಜ್ ಇಳಿಯುತ್ತೆ. ರೆಸಿಸ್ಟರ್‌ನ ಮೈ ಹಿಡ್ಕೊಳ್ಳಿ, ಕಾಲು ಮುಟ್ಬೇಡಿ.

ಹೊರಗಿಂದ ನೋಡಿದ್ರೆ ಅದಕ್ಕೇನೂ ಆಗಿರಲಿಲ್ಲ, ಉಬ್ಬಿಲ್ಲ, ಸುಟ್ಟಿಲ್ಲ, ಮೇಲೆ 2.5 ಅಂತ ಅಚ್ಚು ಹೊಳೀತಾನೇ ಇತ್ತು. ಮೀಟರ್ ಇಟ್ರೆ ರೆಸಿಸ್ಟರ್ ಮೇಲೆ 5.7, ಕೆಪಾಸಿಟರ್ ಮೇಲೆ 12.1. ವರ್ಗ ಕೂಡಿದ್ರೆ 13.4 ಸರಿಯಾಗಿ ತಾಳೆ, ಹಾಗಾಗಿ ನಂಬಬಹುದು. ಟ್ಯಾನ್ 12.1 ಭಾಗ 5.7, ಅಂದ್ರೆ 2.12. ಆ್ಯಂಗಲ್ 64.8 ಡಿಗ್ರಿ, ಪವರ್ ಫ್ಯಾಕ್ಟರ್ 0.425. ಹೊಸದಕ್ಕೆ 51.7 ಇತ್ತು, ಇದಕ್ಕೆ 64.8. ಕೆಪಾಸಿಟಿ ಕುಗ್ಗಿದ್ರೆ ರಿಯಾಕ್ಟೆನ್ಸ್ ಏರುತ್ತೆ, ಕೆಳಗಿನ ಗೆರೆ ಉದ್ದ ಆಗುತ್ತೆ, ಆ್ಯಂಗಲ್ 90ರ ಕಡೆ ಸರಿಯುತ್ತೆ. ಎಷ್ಟು ಕುಗ್ಗಿದೆ ಅಂತ ಬೇಕಂದ್ರೆ ಟ್ಯಾನ್ ಸೂತ್ರಾನೇ ತಿರುವಿ ಹಾಕಿದ್ರಾಯ್ತು:

```
C = 1 / (2πf × R × tan φ)
  = 1 / (314.16 × 1000 × 2.12) = 1.5×10⁻⁶ F
```

2.5 ಇರಬೇಕಾದ್ದು 1.5. ಫ್ಯಾನ್ ಸುಸ್ತಾಗದೆ ಇನ್ನೇನು ಮಾಡುತ್ತೆ ಪಾಪ. ಕೆಪಾಸಿಟಿ ಅಳೆಯೋ ಮೀಟರ್ ಅಂಗಡಿಯವರ ಹತ್ರ ಇರುತ್ತೆ, ನಮ್ಮ ಮೀಟರಲ್ಲಿ ಆ ಗುರುತೇ ಇಲ್ಲ, ಆದ್ರೂ ಒಂದು ರೆಸಿಸ್ಟರ್, ಒಂದು ಭಾಗಾಕಾರದಲ್ಲಿ ಕೆಲಸ ಆಯ್ತು.

ಹುಡುಗ ಎರಡು ತ್ರಿಕೋನಾನೂ ಒಂದರ ಮೇಲೊಂದು ಬರ್ಕೊಂಡ, ಹೊಸದು ಪೆನ್ಸಿಲಲ್ಲಿ, ಹಳೇದು ಕೆಂಪು ಪೆನ್ನಲ್ಲಿ. ಓರೆಗೆರೆ ಎರಡೂ 13.4, ಉದ್ದ ಒಂದೇ, ಕೆಂಪಿನದು ಮಾತ್ರ ಕಡಿದಾಗಿ ಕೆಳಗೆ ಇಳಿದಿತ್ತು. ನಾನು ಮೇನ್ ಆಫ್ ಮಾಡಿ ಸ್ಟೂಲ್ ಹತ್ತಿದೆ, ಅವನು ಕೆಳಗಿಂದ ಟಾರ್ಚ್ ಹಿಡಿದ, ಹೊಸದನ್ನ ಹಾಕಿ ಕ್ಯಾನೊಪಿ ಮೇಲೆತ್ತಿ ಸ್ಕ್ರೂ ಬಿಗಿದೆ. ಅಷ್ಟರಲ್ಲಿ ಒದ್ದೆ ಬಟ್ಟೆ ಬಕೆಟ್ ಹಿಡ್ಕೊಂಡು ಅಕ್ಕ ಬಾಗಿಲಲ್ಲಿ ನಿಂತಿದ್ಳು.